ಮಗುವಿನ ಮಂಪರು ಸಿರಪ್ಪನ್ನು ಸಿರಿಂಜಿನಲ್ಲಿ ಅಳೆಯುವ ಬಗೆ, ಚಮಚ ತಪ್ಪುವ ಕಾರಣ

ಅರವತ್ತು ಮಿ.ಲೀ. ಬಾಟಲಿ ಹತ್ತನೇ ರಾತ್ರಿಗೇ ಬರಿದಾಗಿತ್ತು. ಇನ್ನೊಂದು ಬಾಟಲಿ ಕೇಳಿಕೊಂಡು ಮಗುವಿನ ತಂದೆ ಔಷಧ ಕೊಡುವ ನನ್ನ ಮೇಜಿನ ಮುಂದೆ ನಿಂತಿದ್ದರು. ಮೂರು ವರ್ಷದ ಮಗು, ತೂಕ 14 ಕಿಲೋ. ಇಸುಬಿನ ತುರಿಕೆಯಿಂದ ರಾತ್ರಿಯೆಲ್ಲ ಕೆರೆದುಕೊಂಡು ಎದ್ದು ಕೂರುತ್ತಿತ್ತು. ವೈದ್ಯರು ಹೈಡ್ರಾಕ್ಸಿಜಿನ್ ಸಿರಪ್ಪನ್ನು ಮಲಗುವ ಹೊತ್ತಿಗೆ 3.5 ಮಿ.ಲೀ. ಕೊಡುವಂತೆ ಬರೆದಿದ್ದರು. ನಾನು ಚೀಟಿಯ ಹಿಂಬದಿಯಲ್ಲಿ 60ನ್ನು 3.5ರಿಂದ ಭಾಗಿಸಿದೆ. ಬಾಟಲಿ 17 ರಾತ್ರಿ ಬರಬೇಕಿತ್ತು. ಹತ್ತು ರಾತ್ರಿಗೆ ಮುಗಿದಿದೆ ಎಂದರೆ ಪ್ರತಿ ರಾತ್ರಿ ಮಗುವಿನ ಹೊಟ್ಟೆಗೆ ಹೋದದ್ದು ಸುಮಾರು 6 ಮಿ.ಲೀ.

“ಔಷಧ ಬಹಳ ಚೆನ್ನಾಗಿ ಹಿಡಿಸಿದೆ, ಬೆಳಗ್ಗೆ ಎಬ್ಬಿಸುವುದೇ ಕಷ್ಟ” ಎಂದು ಆ ತಂದೆ ಸಮಾಧಾನದಿಂದ ಹೇಳಿದ್ದರು. ಆ ಒಂದು ಮಾತೇ ನನ್ನನ್ನು ಲೆಕ್ಕಕ್ಕೆ ಹಚ್ಚಿದ್ದು. ಮಂಪರು ತರಿಸುವ ಔಷಧದ ನಿಜವಾದ ತೊಡಕು ಇರುವುದೇ ಇಲ್ಲಿ. ಬೇರೆ ಎಷ್ಟೋ ಔಷಧಗಳು ಹೆಚ್ಚಾದರೆ ವಾಂತಿಯೋ ಭೇದಿಯೋ ಆಗಿ ಮನೆಯವರಿಗೆ ಅನುಮಾನ ಹುಟ್ಟುತ್ತದೆ. ಇದು ಹೆಚ್ಚಾದಾಗ ಮಗು ಗಾಢವಾಗಿ ಮಲಗುತ್ತದೆ, ಮನೆಯವರಿಗೆ ಬೇಕಾಗಿದ್ದದ್ದೂ ಅದೇ. ಹೀಗಾಗಿ ಅಳತೆಯ ತಪ್ಪು ಗುಣದ ವೇಷದಲ್ಲಿ ಬಂದು ಮನೆಯಲ್ಲೇ ಉಳಿದುಬಿಡುತ್ತದೆ. ಈ ಬರಹದಲ್ಲಿ ಅದೇ 3.5 ಮಿ.ಲೀ. ಅನ್ನು ಮೊದಲಿಂದ ಕೊನೆಯವರೆಗೆ ಹಿಂಬಾಲಿಸುತ್ತೇನೆ. ನಿಮ್ಮ ಮಗುವಿನ ಔಷಧವೂ ಪ್ರಮಾಣವೂ ಬೇರೆಯಾಗಿರುತ್ತವೆ. ಇಲ್ಲಿನ ಅಂಕಿಗಳು ಅಳೆಯುವುದನ್ನು ಕಲಿಯಲು ಮಾತ್ರ, ನಿಮ್ಮ ಮಗುವಿಗೆ ಎಷ್ಟು ಎಂಬುದನ್ನು ಚೀಟಿ ಬರೆದವರೇ ಹೇಳಬೇಕು.

ಚಮಚದಲ್ಲಿ ಏನಾಗಿತ್ತು

ಮರುದಿನ ಬರುವಾಗ ಆ ಚಮಚವನ್ನು ತರಲು ಹೇಳಿದೆ. ಸಿರಿಂಜಿನಲ್ಲಿ ನೀರು ಎಳೆದು ಅದಕ್ಕೆ ಹಾಕುತ್ತಾ ಹೋದೆವು. 5 ಮಿ.ಲೀ. ಹಾಕಿದರೂ ತುಂಬಲಿಲ್ಲ, ಅಂಚು ಮುಟ್ಟಿದ್ದು 8 ಮಿ.ಲೀ.ಗೆ. “ಒಂದು ಚಮಚ ಎಂದರೆ 5 ಮಿ.ಲೀ., ಹಾಗಾದರೆ 3.5 ಎಂದರೆ ಮುಕ್ಕಾಲು ಚಮಚಕ್ಕಿಂತ ಸ್ವಲ್ಪ ಕಡಿಮೆ” ಎಂದು ಅವರು ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಅಂಚಿಗಿಂತ ಸ್ವಲ್ಪ ಕೆಳಗೆ ನಿಲ್ಲುವಂತೆ ದಿನಾ ಸುರಿಯುತ್ತಿದ್ದರಂತೆ. ಹಾಗೆಯೇ ನೀರು ಸುರಿದು ತೋರಿಸಿದರು, ಅದನ್ನು ಮರಳಿ ಸಿರಿಂಜಿಗೆ ಎಳೆದಾಗ 6 ಮಿ.ಲೀ. ಬಂತು. ಬರೆದದ್ದಕ್ಕಿಂತ ಶೇಕಡಾ 70ರಷ್ಟು ಹೆಚ್ಚು.

ಅವರ ಮನೆಯ ಚಮಚವೊಂದೇ ದೊಡ್ಡದಾಗಿತ್ತು ಎಂದುಕೊಳ್ಳಬೇಡಿ. ಗ್ರೀಸ್ ದೇಶದಲ್ಲಿ ಮನೆಗಳಿಂದ 71 ಟೀ ಚಮಚಗಳನ್ನು ತಂದು ಅಳೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅತಿ ಚಿಕ್ಕದು 2.5 ಮಿ.ಲೀ. ಹಿಡಿಯಿತು, ಅತಿ ದೊಡ್ಡದು 7.3 ಮಿ.ಲೀ. ಹಿಡಿಯಿತು. ಒಂದೇ ಹೆಸರಿನ ಎರಡು ಚಮಚಗಳ ನಡುವೆ ಸುಮಾರು ಮೂರು ಪಟ್ಟು ಅಂತರ. ಚಮಚವನ್ನು ರೂಪಿಸುವವರು ಅದನ್ನು ಬಾಯಿಗೆ, ಬಟ್ಟಲಿಗೆ ಒಗ್ಗುವಂತೆ ರೂಪಿಸುತ್ತಾರೆ, ಎಷ್ಟು ಹಿಡಿಯಬೇಕು ಎಂಬ ಕಟ್ಟುಪಾಡು ಅವರಿಗಿಲ್ಲ.

ಚಮಚ ಸರಿಯಾಗಿ 5 ಮಿ.ಲೀ. ಹಿಡಿಯುವುದೇ ಆಗಿದ್ದರೂ ತೊಂದರೆ ತಪ್ಪುವುದಿಲ್ಲ. ಒಂದು ಕಾರಣ ಸಿರಪ್ಪಿನ ಅಂಟುತನ. ಅದು ಅಂಚಿನ ಮೇಲೆ ಉಬ್ಬಿ ನಿಂತರೂ ಚೆಲ್ಲುವುದಿಲ್ಲ, ಹಾಗಾಗಿ ತುಂಬಿದ ಚಮಚ ಎಂದರೆ ಎಲ್ಲಿಯವರೆಗೆ ಎಂಬುದು ಸುರಿಯುವ ಕೈಗೆ ಬಿಟ್ಟ ವಿಷಯ. ಇನ್ನೊಂದು ಕಾರಣ ಚಮಚದ ಕುಳಿಯ ಆಕಾರ. ತಳದಲ್ಲಿ ಕಿರಿದು, ಮೇಲೆ ಅಗಲ. ಆದ್ದರಿಂದ ಅರ್ಧ ಆಳಕ್ಕೆ ತುಂಬಿದರೆ ಅರ್ಧ ಪ್ರಮಾಣ ಬರುವುದಿಲ್ಲ, ಹೆಚ್ಚುಕಡಿಮೆ ಕಾಲು ಭಾಗ ಬರುತ್ತದೆ. ಮೇಲಿನ ಅಂಚಿನ ಬಳಿ ಕೂದಲೆಳೆಯಷ್ಟು ಏರಿದರೂ ಪ್ರಮಾಣ ಬಹಳ ಏರುತ್ತದೆ. ಅರ್ಧ ಚಮಚ, ಮುಕ್ಕಾಲು ಚಮಚ ಎಂಬ ಮಾತುಗಳನ್ನು ಕಣ್ಣು ಅಳೆಯಲಾರದು. ಚಿಕ್ಕ ಮಕ್ಕಳ ಪ್ರಮಾಣಗಳು ಬಹುಪಾಲು ಇಂಥ ತುಂಡು ಚಮಚಗಳೇ ಆಗಿರುತ್ತವೆ.

ನಿಮ್ಮ ಮನೆಯ ಚಮಚವನ್ನೂ ಹೀಗೆ ನೀರು ಹಾಕಿ ನೋಡಬಹುದು. ನೋಡಿದ ಮೇಲೆ “ನಮ್ಮದು ಸರಿಯಾಗಿದೆ” ಎಂದು ಅದನ್ನೇ ಬಳಸಬೇಡಿ, ನಾಳೆ ಇನ್ನೊಬ್ಬರ ಕೈ ಬೇರೆ ಚಮಚವನ್ನು ಎತ್ತಿಕೊಳ್ಳುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಔಷಧವನ್ನು ತೂಗಿ ಮಿ.ಲೀ. ಲೆಕ್ಕ ಹಾಕುವುದೂ ಆಗದು. ನೀರು ಮಿ.ಲೀ.ಗೆ ಒಂದು ಗ್ರಾಂ ತೂಗುತ್ತದೆ, ಸಕ್ಕರೆ ಬೆರೆತ ಸಿರಪ್ ಅದಕ್ಕಿಂತ ಭಾರ.

ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ ಚಮಚಕ್ಕಿಂತ ವಾಸಿ, ಆದರೂ ಸಣ್ಣ ಪ್ರಮಾಣಕ್ಕೆ ಅದೂ ಸಾಲದು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ಮಿ.ಲೀ. ಎಂದರೆ ತಳಕ್ಕೆ ಹರಡಿದ ತೆಳು ಪದರ, ಸ್ವಲ್ಪ ಓರೆಯಾಗಿ ಹಿಡಿದರೂ ಗೆರೆ ತಪ್ಪುತ್ತದೆ. 2016ರಲ್ಲಿ ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೋಷಕರಿಂದ ಒಂಬತ್ತು ಸಲ ಔಷಧ ಅಳೆಸಿ ನೋಡಿದ ಅಧ್ಯಯನ ಪ್ರಕಟವಾಯಿತು. ನೂರಕ್ಕೆ 84 ಮಂದಿ ಒಮ್ಮೆಯಾದರೂ ತಪ್ಪಿದರು. ನೂರಕ್ಕೆ 21 ಮಂದಿ ಒಮ್ಮೆಯಾದರೂ ಎರಡು ಪಟ್ಟಿಗೂ ಹೆಚ್ಚು ಅಳೆದಿದ್ದರು. ಅಳತೆ ಕಪ್ಪಿನಲ್ಲಿ ತಪ್ಪುವ ಸಂಭವ ಸಿರಿಂಜಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಕಂಡುಬಂತು, ಸಣ್ಣ ಪ್ರಮಾಣಗಳಲ್ಲಿ ಅಂತರ ಇನ್ನೂ ಹೆಚ್ಚು. ಅಂದರೆ ಇದು ಅಜಾಗರೂಕರ ತಪ್ಪಲ್ಲ. ಜಾಗ್ರತೆಯಿಂದ ಅಳೆದವರೂ ಸಾಧನ ತಪ್ಪಿದ್ದರೆ ತಪ್ಪುತ್ತಾರೆ.

ಎಂಥ ಸಿರಿಂಜ್ ಬೇಕು

ಬಾಯಿಗೆ ಔಷಧ ಕೊಡಲೆಂದೇ ತಯಾರಾದ ಸಿರಿಂಜ್ ಇದೆ. ಅದನ್ನು ಓರಲ್ ಸಿರಿಂಜ್ ಎನ್ನುತ್ತಾರೆ. ಅದರ ಮೂತಿಗೆ ಸೂಜಿ ಕೂರುವುದಿಲ್ಲ, ಹಾಗಾಗಿ ಬಾಯಿಯ ಔಷಧ ತಪ್ಪಿ ನರಕ್ಕೆ ಹೋಗುವ ಸಂಭವವೇ ಇರದು. ಚುಚ್ಚುಮದ್ದಿನ ಸಿರಿಂಜಿನಿಂದ ಸೂಜಿ ತೆಗೆದು ಮನೆಯಲ್ಲಿ ಬಳಸುವವರನ್ನು ನೋಡಿದ್ದೇನೆ. ಕೆಲವಕ್ಕೆ ಮೂತಿಯ ಮೇಲೆ ಪಾರದರ್ಶಕವಾದ ಪುಟ್ಟ ಟೋಪಿ ಇರುತ್ತದೆ, ಅದು ಕಣ್ಣಿಗೆ ಬೀಳದೆ ಔಷಧದೊಂದಿಗೆ ಚಿಮ್ಮಿ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಓರಲ್ ಸಿರಿಂಜಿಗೂ ಟೋಪಿ ಇದ್ದರೆ ಅಳೆಯುವ ಮೊದಲೇ ತೆಗೆದು ಮಗುವಿನ ಕೈಗೆ ಸಿಗದಂತೆ ಎಸೆಯಿರಿ.

ಗಾತ್ರದ ವಿಷಯದಲ್ಲಿ ನಿಯಮ ಸರಳ. ಬೇಕಾದ ಪ್ರಮಾಣ ಒಂದೇ ಸಲಕ್ಕೆ ಹಿಡಿಯುವ ಸಿರಿಂಜುಗಳಲ್ಲಿ ಅತಿ ಚಿಕ್ಕದನ್ನು ಆರಿಸಿ. 0.8 ಮಿ.ಲೀ. ಬೇಕಿದ್ದರೆ 1 ಮಿ.ಲೀ.ಯದು, 3.5 ಬೇಕಿದ್ದರೆ 5 ಮಿ.ಲೀ.ಯದು. ಸಿರಿಂಜ್ ದಪ್ಪವಾದಷ್ಟೂ ಗೆರೆಗಳು ಒತ್ತಾಗಿ, ಒಂದು ಗೆರೆ ತಪ್ಪಿದರೆ ಆಗುವ ವ್ಯತ್ಯಾಸವೂ ದೊಡ್ಡದಾಗುತ್ತದೆ.

ಗೆರೆಗಳನ್ನು ಓದುವುದನ್ನು ಮೊದಲೇ ಕಲಿಯಿರಿ. ಎರಡು ಅಂಕಿಗಳ ನಡುವೆ ಎಷ್ಟು ಭಾಗಗಳಿವೆ ಎಂದು ಎಣಿಸಿ. 1 ಮತ್ತು 2ರ ನಡುವೆ ಹತ್ತು ಭಾಗಗಳಿದ್ದರೆ ಪ್ರತಿ ಭಾಗ 0.1 ಮಿ.ಲೀ., ಐದು ಭಾಗಗಳಿದ್ದರೆ ಪ್ರತಿ ಭಾಗ 0.2 ಮಿ.ಲೀ. ಹಲವು 5 ಮಿ.ಲೀ. ಸಿರಿಂಜುಗಳಲ್ಲಿ ಭಾಗ 0.2ರದ್ದು. ಹಾಗಿದ್ದಾಗ ನಮ್ಮ 3.5ಕ್ಕೆ ಗೆರೆಯೇ ಇಲ್ಲ! 3.4ಕ್ಕೆ ಇದೆ, 3.6ಕ್ಕೆ ಇದೆ. ಈ ಗೆರೆ ಕಾಣದೆ ಗಲಿಬಿಲಿಗೊಂಡು 3ರ ನಂತರದ ಐದನೇ ಗೆರೆಯೇ 3.5 ಎಂದುಕೊಂಡವರಿದ್ದಾರೆ. ಐದನೆಯದು 4 ಮಿ.ಲೀ. ಸಾಧ್ಯವಾದರೆ 0.1ರ ಗೆರೆಗಳುಳ್ಳ ಸಿರಿಂಜ್ ಕೇಳಿ ಪಡೆಯಿರಿ. ಸಿಗದಿದ್ದರೆ 3.4 ಮತ್ತು 3.6ರ ನಟ್ಟನಡುವೆ ನಿಲ್ಲಿಸಿ. ಅಲ್ಲಿ ಆಗಬಹುದಾದ ತಪ್ಪು ಹೆಚ್ಚೆಂದರೆ 0.1 ಮಿ.ಲೀ., ಅಂದರೆ ಶೇಕಡಾ 3ರಷ್ಟು. ಚಮಚದ 70ರ ಪಕ್ಕದಲ್ಲಿ ಇಟ್ಟು ನೋಡಿ. ಔಷಧ ಕೊಡುವವರ ಬಳಿಯೇ ಅಳಿಸದ ಪೆನ್ನಿನಿಂದ ಸಿರಿಂಜಿನ ಮೇಲೆ ನಿಮ್ಮ ಗೆರೆ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅವರ ಎದುರಿಗೇ ಒಮ್ಮೆ ನೀರು ಎಳೆದು ತೋರಿಸಿ. ಕೇಳಲು ಸಂಕೋಚ ಬೇಡ, ನಮ್ಮ ಕೆಲಸವೇ ಅದು.

ಬಾಟಲಿ ತೆರೆಯುವ ಮುನ್ನ ಮೂರು ಅಂಕಿಗಳು

ಅಳತೆಯ ತಪ್ಪುಗಳಲ್ಲಿ ಅರ್ಧದಷ್ಟು ಸಿರಿಂಜ್ ಕೈಗೆ ಬರುವ ಮೊದಲೇ ಆಗಿಬಿಟ್ಟಿರುತ್ತವೆ ಎಂಬುದು ನನ್ನ ಅನುಭವ. ಚೀಟಿಯಲ್ಲಿ, ಬಾಟಲಿಯಲ್ಲಿ ಮೂರು ಅಂಕಿಗಳನ್ನು ಹುಡುಕಿ: ಎಷ್ಟು ಮಿ.ಗ್ರಾಂ ಔಷಧ, ಪ್ರತಿ ಮಿ.ಲೀ.ಯಲ್ಲಿ ಎಷ್ಟು ಮಿ.ಗ್ರಾಂ ಇದೆ, ಹಾಗಾಗಿ ಎಷ್ಟು ಮಿ.ಲೀ. ಕೊಡಬೇಕು. ಮಿ.ಗ್ರಾಂ ಎಂದರೆ ಔಷಧದ ತೂಕ, ಮಿ.ಲೀ. ಎಂದರೆ ಆ ಔಷಧ ಕರಗಿರುವ ದ್ರವದ ಪ್ರಮಾಣ. ಎರಡೂ ಒಂದೇ ಅಲ್ಲ.

ನಮ್ಮ ಉದಾಹರಣೆಯಲ್ಲಿ ವೈದ್ಯರು ಪ್ರತಿ ಕಿಲೋಗೆ 0.5 ಮಿ.ಗ್ರಾಂ ಲೆಕ್ಕ ಹಿಡಿದರು. 14 ಕಿಲೋಗೆ 7 ಮಿ.ಗ್ರಾಂ. ಬಾಟಲಿಯ ಮೇಲೆ “5 ಮಿ.ಲೀ.ಗೆ 10 ಮಿ.ಗ್ರಾಂ” ಎಂದಿತ್ತು, ಅಂದರೆ ಮಿ.ಲೀ.ಗೆ 2 ಮಿ.ಗ್ರಾಂ. ಏಳನ್ನು ಎರಡರಿಂದ ಭಾಗಿಸಿದರೆ 3.5 ಮಿ.ಲೀ. ಚೀಟಿಯಲ್ಲಿ “7 ಮಿ.ಗ್ರಾಂ” ಎಂದು ಮಾತ್ರ ಬರೆದಿದ್ದು, ಮನೆಯವರು ಅದನ್ನು 7 ಮಿ.ಲೀ. ಎಂದು ಓದಿದ್ದರೆ ಮಗುವಿಗೆ ಸರಿಯಾಗಿ ಎರಡು ಪಟ್ಟು ಹೋಗುತ್ತಿತ್ತು. ಸಿರಿಂಜಿನಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಅಳೆದರೂ ಆ ತಪ್ಪು ತಪ್ಪುತ್ತಿರಲಿಲ್ಲ. ಆದ್ದರಿಂದ ಚೀಟಿಯಲ್ಲಿ ಮಿ.ಲೀ. ಅಂಕಿ ಇಲ್ಲದಿದ್ದರೆ, ಅಥವಾ ಚಮಚದ ಲೆಕ್ಕದಲ್ಲಿ ಬರೆದಿದ್ದರೆ, ಅಲ್ಲಿಯೇ ನಿಂತು ಮಿ.ಲೀ.ಯಲ್ಲಿ ಬರೆಸಿಕೊಳ್ಳಿ. ಲೆಕ್ಕವನ್ನು ನೀವು ಹಾಕಿ ನೋಡುವುದು ತಾಳೆಗಾಗಿ ಮಾತ್ರ. ನಿಮ್ಮದೂ ಅವರದೂ ಹೊಂದದಿದ್ದರೆ ಔಷಧ ಕೊಡದೆ ಮೊದಲು ಕೇಳಿ.

ಒಂದೇ ಔಷಧ ಬೇರೆ ಬೇರೆ ಸಾಂದ್ರತೆಯಲ್ಲಿ ಬರುವುದು ಎರಡನೆಯ ಬಲೆ. ಇದೇ ಹೈಡ್ರಾಕ್ಸಿಜಿನ್ ಮಿ.ಲೀ.ಗೆ 6 ಮಿ.ಗ್ರಾಂ ಇರುವ ಹನಿ ಔಷಧವಾಗಿಯೂ ತಯಾರಾಗುತ್ತದೆ. ಸಿರಪ್ ಮುಗಿದಾಗ ಅದೇ ಹೆಸರಿನ ಪುಟ್ಟ ಬಾಟಲಿ ತಂದು ರೂಢಿಯಂತೆ 3.5 ಮಿ.ಲೀ. ಎಳೆದರೆ ಮಗುವಿಗೆ 21 ಮಿ.ಗ್ರಾಂ, ಅಂದರೆ ಮೂರು ಪಟ್ಟು. ಪ್ರತಿ ಹೊಸ ಬಾಟಲಿಯಲ್ಲೂ ಹೆಸರಿನ ಜೊತೆಗೆ ಸಾಂದ್ರತೆಯನ್ನು ಹಳೆಯದರೊಂದಿಗೆ ಹೋಲಿಸಿ. ಹಳೆಯ ಬಾಟಲಿಯನ್ನು ಹೊಸದು ಬರುವ ತನಕ ಎಸೆಯದೆ ಇಟ್ಟುಕೊಂಡರೆ ಈ ಹೋಲಿಕೆ ಸುಲಭ.

ಮೂರನೆಯದು ಚುಕ್ಕೆ. 3.5ರ ಚುಕ್ಕೆ ಮಸುಕಾದರೆ 35 ಆಗುತ್ತದೆ. ಅದು 5 ಮಿ.ಲೀ. ಸಿರಿಂಜಿನಲ್ಲಿ ಹಿಡಿಯುವುದಿಲ್ಲವಾದ್ದರಿಂದ ಯಾರಿಗಾದರೂ ಅನುಮಾನ ಬರುತ್ತದೆ. ಆದರೆ “.5” ಎಂದು ಸೊನ್ನೆಯಿಲ್ಲದೆ ಬರೆದದ್ದು 5 ಆಗಿ ಕಾಣುವುದು ನಿಜಕ್ಕೂ ಅಪಾಯ, ಏಕೆಂದರೆ ಅದು ಸಿರಿಂಜಿಗೆ ಸಲೀಸಾಗಿ ಹಿಡಿಯುತ್ತದೆ. ಸಣ್ಣ ಅಂಕಿಯನ್ನು ಯಾವಾಗಲೂ ಬಾಯಿಬಿಟ್ಟು ಓದಿಸಿಕೊಳ್ಳಿ: “ಸೊನ್ನೆ ಬಿಂದು ಐದು, ಅರ್ಧ ಮಿ.ಲೀ.” ಎಂದು.

ಎಳೆಯುವ ಕೆಲಸ

ಮಗುವಿನ ಗದ್ದಲದಿಂದ ದೂರ, ಬೆಳಕಿರುವ ಕಡೆ ನಿಂತುಕೊಳ್ಳಿ. ಮೊದಲು ಕೈ ತೊಳೆಯಿರಿ. ಬಾಟಲಿಯ ಮೇಲೆ “ಅಲುಗಾಡಿಸಿ ಬಳಸಿ” ಎಂದಿದ್ದರೆ ಚೆನ್ನಾಗಿ ಅಲುಗಾಡಿಸಿ. ಔಷಧದ ಕಣಗಳು ತಳಕ್ಕೆ ಕೂರುವ ಬಗೆಯ ದ್ರವವಾದರೆ, ಅಲುಗಾಡಿಸದೆ ಎಳೆಯುತ್ತಾ ಹೋದ ಹಾಗೆ ಮೊದಲ ದಿನಗಳಲ್ಲಿ ನೀರಾದ ಔಷಧ, ಕೊನೆಯ ದಿನಗಳಲ್ಲಿ ದಟ್ಟವಾದ ಔಷಧ ಮಗುವಿಗೆ ಹೋಗುತ್ತದೆ. ಅಲುಗಾಡಿಸಿದ ಮೇಲೆ ನೊರೆ ಇಳಿಯಲು ಅರೆನಿಮಿಷ ಬಿಡಿ.

ಬಾಟಲಿಯ ಬಾಯಿಗೆ ಕೂರುವ, ನಡುವೆ ತೂತಿರುವ ಪ್ಲಾಸ್ಟಿಕ್ ಬಿರಡೆ ಸಿಕ್ಕರೆ ಕೆಲಸ ಬಹಳ ಸಲೀಸು. ಅದನ್ನು ಒತ್ತಿ ಕೂರಿಸಿ. ಸಿರಿಂಜಿನ ದಂಡವನ್ನು ಪೂರ್ತಿ ಒಳಗೆ ತಳ್ಳಿ, ಮೂತಿಯನ್ನು ತೂತಿಗೆ ಬಿಗಿಯಾಗಿ ಸೇರಿಸಿ, ಎರಡನ್ನೂ ಒಟ್ಟಿಗೆ ಹಿಡಿದು ಬಾಟಲಿಯನ್ನು ತಲೆಕೆಳಗು ಮಾಡಿ. ಈಗ ದಂಡವನ್ನು ನಿಧಾನವಾಗಿ ಎಳೆಯಿರಿ. ಸಿರಪ್ ಮಂದ, ಅವಸರದಿಂದ ಎಳೆದರೆ ದ್ರವದ ಬದಲು ಗಾಳಿ ನುಗ್ಗುತ್ತದೆ. ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಎಳೆದು, ಗಾಳಿಗುಳ್ಳೆ ಇದ್ದರೆ ಸಿರಿಂಜನ್ನು ಬೆರಳಿನಿಂದ ಮೆಲ್ಲನೆ ತಟ್ಟಿ. ಮೂತಿ ಮೇಲಿರುವುದರಿಂದ ಗುಳ್ಳೆ ಅಲ್ಲಿಗೆ ಏರುತ್ತದೆ. ದಂಡ ಒತ್ತಿ ಅದನ್ನು ಬಾಟಲಿಯೊಳಕ್ಕೇ ಕಳುಹಿಸಿ, ನಂತರ ಗೆರೆಗೆ ಹೊಂದಿಸಿ. ಗುಳ್ಳೆಯನ್ನು ಲೆಕ್ಕಿಸದೆ ಬಿಟ್ಟರೆ ಅಷ್ಟು ಜಾಗದ ಔಷಧ ಮಗುವಿಗೆ ಸಿಗುವುದಿಲ್ಲ. ತುರಿಕೆ ಕಡಿಮೆಯಾಗಲಿಲ್ಲವೆಂದು ಮನೆಯವರು ಮತ್ತಷ್ಟು ಕೊಡುವ ತಪ್ಪು ಇಲ್ಲಿಂದಲೂ ಶುರುವಾಗಬಹುದು.

ಬಿರಡೆ ಇಲ್ಲದಿದ್ದರೆ ಶುಚಿಯಾದ ಪುಟ್ಟ ಬಟ್ಟಲಿಗೆ ಸ್ವಲ್ಪ ಔಷಧ ಸುರಿದು ಅದರಿಂದ ಎಳೆಯಿರಿ. ಮೂತಿ ಪೂರ್ತಿ ದ್ರವದಲ್ಲಿ ಮುಳುಗಿರಲಿ. ಬಟ್ಟಲಿನಲ್ಲಿ ಉಳಿದದ್ದನ್ನು ಮರಳಿ ಬಾಟಲಿಗೆ ಸುರಿಯಬೇಡಿ. ಅದನ್ನು ಮಗುವಿನ ಕೈಗೆಟುಕುವಂತೆ ಬಿಡಲೂ ಬೇಡಿ. ಬಣ್ಣವೂ ಸಿಹಿಯೂ ಇರುವ ಆ ತೊಟ್ಟುಗಳನ್ನು ಮನೆಯ ಇನ್ನೊಂದು ಮಗು ನೆಕ್ಕಿಬಿಡಬಹುದು.

ಗೆರೆ ಓದುವಾಗ ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ನೀವು ಬಗ್ಗಿ ಮೇಲಿನಿಂದ ನೋಡಬೇಡಿ. ದಂಡದ ತುದಿಯ ರಬ್ಬರಿಗೆ ಸಾಮಾನ್ಯವಾಗಿ ಎರಡು ಉಬ್ಬು ಬಳೆಗಳಿರುತ್ತವೆ. ಮೂತಿಗೆ ಹತ್ತಿರದ ಬಳೆ ಸಿರಿಂಜಿನ ಗೋಡೆಯನ್ನು ಮುಟ್ಟುವ ಅಂಚೇ ಓದಬೇಕಾದ ಜಾಗ. ಕೈಯ ಕಡೆಯ ಬಳೆಯನ್ನು 3.5ಕ್ಕೆ ಹೊಂದಿಸಿದರೆ ನಿಜವಾಗಿ ಬರುವುದು ಕಡಿಮೆ. ಕೆಲವು ಸಿರಿಂಜುಗಳಲ್ಲಿ ರಬ್ಬರಿನ ತುದಿ ಗೋಪುರದಂತೆ ಚೂಪಾಗಿರುತ್ತದೆ, ಆ ಚೂಪನ್ನು ಗೆರೆಗೆ ಹೊಂದಿಸಿದರೆ ಬರುವುದು ಹೆಚ್ಚು. ಸಂಜೆಗೊಬ್ಬರು ಬೆಳಗ್ಗೆಗೊಬ್ಬರು ಔಷಧ ಕೊಡುವ ಮನೆಯಲ್ಲಿ ಇಬ್ಬರೂ ಒಂದೇ ಅಂಚನ್ನು ಓದುತ್ತಿದ್ದಾರೆಯೇ ಎಂದು ಒಮ್ಮೆ ಜೊತೆಯಾಗಿ ನಿಂತು ನೋಡಿಕೊಳ್ಳಿ.

ಸರಿಯಾದ ಗೆರೆಗೆ ನಿಂತ ಮೇಲೆ ಬಾಟಲಿಯನ್ನು ನೆಟ್ಟಗೆ ಮಾಡಿ ಸಿರಿಂಜನ್ನು ಬಿಡಿಸಿ. ಮಗುವಿನ ಬಳಿ ಹೋಗುವ ಮೊದಲೇ ಬಾಟಲಿಯ ಮುಚ್ಚಳ ಹಾಕಿ ಎತ್ತಿಡಿ.

ಬಾಯಿಗೆ ಹಾಕುವಾಗ

ಮಗು ಪೂರ್ತಿ ಎಚ್ಚರವಾಗಿರಬೇಕು, ತಲೆ ಎತ್ತಿ ಕುಳಿತಿರಬೇಕು. ನಿದ್ದೆಗಣ್ಣಿನಲ್ಲಿರುವ, ಜೋರಾಗಿ ಅಳುತ್ತಿರುವ ಅಥವಾ ಅಂಗಾತ ಮಲಗಿರುವ ಮಗುವಿನ ಬಾಯಿಗೆ ಹಾಕಿದರೆ ಔಷಧ ಉಸಿರ್ನಾಳಕ್ಕೆ ಇಳಿಯಬಹುದು. ಮೂತಿಯನ್ನು ಕೆನ್ನೆಯ ಒಳಬದಿಗೂ ವಸಡಿಗೂ ನಡುವೆ ಇಟ್ಟು ಸ್ವಲ್ಪ ಸ್ವಲ್ಪವೇ ಒತ್ತಿ, ನುಂಗಿದ ಮೇಲೆ ಮುಂದಿನದು. 3.5 ಮಿ.ಲೀ.ಯನ್ನು ನಾಲ್ಕಾರು ಗುಟುಕಾಗಿ ಕೊಡಿ. ಗಂಟಲ ಕಡೆಗೆ ನೇರವಾಗಿ ಚಿಮ್ಮಿಸಬೇಡಿ. ಮೂತಿಯಲ್ಲಿ ಉಳಿದ ತೊಟ್ಟನ್ನು ನೀರಿನಲ್ಲಿ ತೊಳೆದು ಕುಡಿಸಬೇಕಾಗಿಲ್ಲ, ಸಿರಿಂಜಿನ ಗೆರೆಗಳು ಆ ತೊಟ್ಟನ್ನು ಬಿಟ್ಟೇ ಲೆಕ್ಕ ಹಾಕಿರುತ್ತವೆ.

ಹಾಲಿನ ಬಾಟಲಿಗೆ ಬೆರೆಸಿ ಕೊಟ್ಟರೆ, ಮಗು ಅರ್ಧ ಹಾಲು ಬಿಟ್ಟಾಗ ಎಷ್ಟು ಔಷಧ ಹೋಯಿತೆಂದು ಹೇಳಲು ಯಾರಿಂದಲೂ ಆಗದು. ಉಗುಳಿದರೂ ವಾಂತಿ ಮಾಡಿದರೂ ಅದೇ ಕಷ್ಟ. ಮಂಪರಿನ ಔಷಧವನ್ನು ಊಹೆಯ ಮೇಲೆ ಎರಡನೇ ಸಲ ಕೊಡಬಾರದು. ವೈದ್ಯರಿಗೋ ಔಷಧ ಕೊಟ್ಟವರಿಗೋ ಫೋನ್ ಮಾಡಿ ಕೇಳಿ, ಉತ್ತರ ಸಿಗದಿದ್ದರೆ ಆ ರಾತ್ರಿಯದನ್ನು ಬಿಟ್ಟುಬಿಡಿ. ಒಂದು ರಾತ್ರಿಯ ತುರಿಕೆಯನ್ನು ಮಗು ತಾಳಿಕೊಳ್ಳುತ್ತದೆ.

ಇನ್ನೊಂದು ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಮನೆಯವರು ಎಡವುವುದು ಹೆಚ್ಚಾಗಿ ಇಲ್ಲಿ. ಹೈಡ್ರಾಕ್ಸಿಜಿನ್, ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್‌ನಂಥ ಅಲರ್ಜಿಯ ಹಳೆಯ ಔಷಧಗಳು ಕೆಲವು ಮಕ್ಕಳಲ್ಲಿ ಮಂಪರಿನ ಬದಲು ತದ್ವಿರುದ್ಧವಾದ ಚಡಪಡಿಕೆ ತರುತ್ತವೆ. ಮಗು ಓಡಾಡುತ್ತದೆ, ಕಾರಣವಿಲ್ಲದೆ ನಗುತ್ತದೆ, ಅಳುತ್ತದೆ. ಪ್ರಮಾಣ ಹೆಚ್ಚಾದಾಗಲೂ ಹೀಗೆಯೇ ಆಗಬಹುದು. ನೋಡುವವರಿಗೆ ಔಷಧ ಇನ್ನೂ ಹತ್ತಿಲ್ಲವೆಂದೇ ಅನ್ನಿಸುತ್ತದೆ, ಕೈ ಬಾಟಲಿಯ ಕಡೆ ಹೋಗುತ್ತದೆ. ಅದೂ ಅಲ್ಲದೆ ಬಾಯಿಯಿಂದ ಕೊಟ್ಟ ಔಷಧದ ಪರಿಣಾಮ ಕಾಣಲು ಒಂದು ಗಂಟೆಯವರೆಗೂ ಹಿಡಿಯಬಹುದು, ಇಪ್ಪತ್ತು ನಿಮಿಷಕ್ಕೆ ಬೇಸತ್ತು ಮತ್ತೆ ಕೊಟ್ಟರೆ ಎರಡೂ ಒಟ್ಟಿಗೆ ಏರುತ್ತವೆ. ಚಡಪಡಿಸುವ ಮಗುವಿಗೆ ಮತ್ತೊಂದು ಪ್ರಮಾಣ ಬೇಡವೇ ಬೇಡ.

ಕೊಟ್ಟ ಕೂಡಲೇ ಗೋಡೆಗೆ ಅಂಟಿಸಿದ ಕಾಗದದಲ್ಲಿ ಸಮಯ, ಮಿ.ಲೀ., ಕೊಟ್ಟವರ ಹೆಸರು ಬರೆಯಿರಿ. ಅಮ್ಮ ಕೊಟ್ಟದ್ದು ತಿಳಿಯದೆ ಅಜ್ಜಿಯೂ ಕೊಡುವುದು ಈ ಒಂದು ಸಾಲಿನಿಂದ ತಪ್ಪುತ್ತದೆ. ಮಗುವಿಗೆ ಶೀತದ ಸಿರಪ್ ಬೇರೆ ನಡೆಯುತ್ತಿದ್ದರೆ ಅದರ ಬಾಟಲಿಯನ್ನೂ ಒಯ್ದು ತೋರಿಸಿ. ಎಷ್ಟೋ ಶೀತದ ಔಷಧಗಳಲ್ಲಿ ಕ್ಲೋರ್‌ಫೆನಿರಮಿನ್‌ನಂಥ ಅದೇ ಗುಂಪಿನ ಮಂಪರಿನ ಔಷಧ ಸೇರಿರುತ್ತದೆ. ಎರಡೂ ಬಾಟಲಿಗಳನ್ನು ಸರಿಯಾಗಿಯೇ ಅಳೆದರೂ ಮಗುವಿನ ಒಳಗೆ ಮೊತ್ತ ಹೆಚ್ಚುತ್ತದೆ.

ಹೆಚ್ಚಾಗಿದೆ ಎಂದು ತಿಳಿಯುವುದು

ಮಂಪರಿನ ಔಷಧ ಕೊಟ್ಟ ಮಗುವಿನ ನಿದ್ದೆ ಸಾಮಾನ್ಯ ನಿದ್ದೆಯಂತೆಯೇ ಇರಬೇಕು. ಹೆಸರು ಕರೆದು ಪಾದ ಸವರಿದರೆ ಮುಖ ಗಂಟಿಕ್ಕಬೇಕು, ಮಗ್ಗುಲಾಗಬೇಕು. ಎದೆ ಏರಿಳಿಯುವುದು ಸಮವಾಗಿರಬೇಕು. ಹೊಸ ಔಷಧದ ಮೊದಲ ರಾತ್ರಿಗಳಲ್ಲಿ ಎರಡು ಮೂರು ಸಲ ಹೋಗಿ ನೋಡಿ. ಕಾರಿನ ಆಸನದಲ್ಲಿಯೋ ತೊಟ್ಟಿಲಂಥ ಕುರ್ಚಿಯಲ್ಲಿಯೋ ಗದ್ದ ಎದೆಗೆ ತಾಗುವಂತೆ ಕುಸಿದು ಮಲಗಲು ಬಿಡಬೇಡಿ. ಮಂಪರಿನಲ್ಲಿ ಕತ್ತಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ಮಗುವಿಗೆ ತಲೆ ಎತ್ತಿಕೊಳ್ಳುವ ಎಚ್ಚರವಿರುವುದಿಲ್ಲ.

ಕರೆದರೂ ಅಲುಗಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿ ಅಥವಾ ನಡುನಡುವೆ ನಿಂತು ಬರುತ್ತಿದ್ದರೆ, ಹೊಸದಾಗಿ ಗೊರಗೊರ ಸದ್ದು ಕೇಳಿಸಿದರೆ, ತುಟಿ ನೀಲಿಗಟ್ಟಿದರೆ, ಮೈ ಬಟ್ಟೆಯಂತೆ ಜೋತುಬಿದ್ದರೆ, ಫಿಟ್ಸ್ ಬಂದರೆ ತಕ್ಷಣ ತುರ್ತು ಸಹಾಯಕ್ಕೆ ಕರೆ ಮಾಡಿ. ಅಲರ್ಜಿಯ ಔಷಧ ಹೆಚ್ಚಾದಾಗ ಮುಖ ಕೆಂಪೇರಿ, ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಎದೆಬಡಿತ ಜೋರಾಗಿ, ಇಲ್ಲದ್ದನ್ನು ಕಂಡಂತೆ ಮಗು ಮಾತನಾಡಬಹುದು. ಅದಕ್ಕೂ ಅದೇ ತುರ್ತು. ಉಸಿರಾಡುತ್ತಿರುವ ಮಗುವನ್ನು ಮಗ್ಗುಲಿಗೆ ಮಲಗಿಸಿ ಪಕ್ಕದಲ್ಲೇ ಇರಿ. ಉಸಿರೇ ಇಲ್ಲದಿದ್ದರೆ ಫೋನಿನಲ್ಲಿರುವವರು ಹೇಳಿದಂತೆ ಕೃತಕ ಉಸಿರು ಕೊಡಲು ತೊಡಗಿ. ವಾಂತಿ ಮಾಡಿಸಲು ಹೋಗಬೇಡಿ, ಎಚ್ಚರ ತಪ್ಪುತ್ತಿರುವ ಮಗುವಿನಲ್ಲಿ ಅದು ಉಸಿರ್ನಾಳಕ್ಕೆ ಇಳಿಯುತ್ತದೆ. ಬಾಟಲಿಯನ್ನೂ ಅಳೆದ ಸಿರಿಂಜನ್ನೂ ಜೊತೆಗೆ ಒಯ್ಯಿರಿ. ಎಷ್ಟು ಮಿ.ಲೀ., ಎಷ್ಟು ಹೊತ್ತಿಗೆ ಎಂಬುದೇ ಅಲ್ಲಿನ ಮೊದಲ ಪ್ರಶ್ನೆ. ಮಗು ಚೆನ್ನಾಗಿಯೇ ಕಂಡರೂ ಎರಡು ಪಟ್ಟು ಕೊಟ್ಟದ್ದು ಅರಿವಾದರೆ ಲಕ್ಷಣಕ್ಕಾಗಿ ಕಾಯದೆ ಆಗಲೇ ಕೇಳಿ.

ಸಿರಿಂಜ್ ಸರಿಪಡಿಸಲಾರದ್ದು

ಒಂದಷ್ಟು ತಪ್ಪುಗಳಿಗೆ ಸಿರಿಂಜಿನಲ್ಲಿ ಪರಿಹಾರವಿಲ್ಲ. ಪ್ರಯಾಣದಲ್ಲಿ ಮಗು ಸುಮ್ಮನಿರಲೆಂದು, ಮನೆಯಲ್ಲಿ ಹೊತ್ತಿಗೆ ಮಲಗಲೆಂದು ಉಳಿದ ಸಿರಪ್ ಕೊಡುವುದು ಎಷ್ಟು ಕರಾರುವಾಕ್ಕಾಗಿ ಅಳೆದರೂ ತಪ್ಪೇ. ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳಿಗೆ ಸಲ್ಲದು, ಉಸಿರು ಕುಗ್ಗಿ ಪ್ರಾಣ ಹೋದ ಪ್ರಕರಣಗಳ ಮೇಲೆ ಬಂದ ಎಚ್ಚರಿಕೆ ಅದು. ಸ್ಕ್ಯಾನ್ ಅಥವಾ ಮಿದುಳಿನ ಪರೀಕ್ಷೆಗಾಗಿ ಕೊಡುವ ಟ್ರೈಕ್ಲೋಫಾಸ್‌ನಂಥ ಗಾಢ ನಿದ್ದೆಯ ಸಿರಪ್ಪುಗಳು ಇನ್ನೂ ಬೇರೆಯೇ ವರ್ಗ. ಅವನ್ನು ಮನೆಯಲ್ಲಿ ಕೊಟ್ಟು ಹೊರಡುವಂತೆ ಯಾರಾದರೂ ಹೇಳಿದರೆ, ಪರೀಕ್ಷೆ ನಡೆಯುವ ಜಾಗದಲ್ಲಿ, ಉಸಿರನ್ನು ಗಮನಿಸುವವರ ಎದುರಿಗೇ ಕೊಡಬಹುದೇ ಎಂದು ಕೇಳಿ. ದಾರಿಯಲ್ಲಿ ಹಿಂದಿನ ಆಸನದ ಮಗುವಿನ ಉಸಿರನ್ನು ನೋಡುವವರು ಯಾರೂ ಇರುವುದಿಲ್ಲ.

ತೊಳೆಯುವುದು, ತಾಳೆ ನೋಡುವುದು

ಬಳಸಿದ ಮೇಲೆ ದಂಡವನ್ನು ಹೊರಗೆಳೆದು ಎರಡೂ ಭಾಗಗಳನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಬಿಡಿಬಿಡಿಯಾಗಿ ಒಣಗಲು ಇಡಿ. ಗೆರೆ ಮಾಸಿದರೆ, ದಂಡ ತಡೆದು ತಡೆದು ಚಲಿಸಿದರೆ ಹೊಸದು ತನ್ನಿ. ತಡೆದು ಬಿಟ್ಟ ದಂಡ ಗೆರೆಯನ್ನು ದಾಟಿ ಜಾರುತ್ತದೆ, ಮಗುವಿನ ಬಾಯಲ್ಲಿ ಒಮ್ಮೆಲೇ ಚಿಮ್ಮುತ್ತದೆ.

ಆ ತಂದೆಗೆ ಎರಡನೇ ಬಾಟಲಿಯ ಜೊತೆ 0.1ರ ಗೆರೆಗಳುಳ್ಳ 5 ಮಿ.ಲೀ. ಸಿರಿಂಜ್ ಕೊಟ್ಟು, 3.5ಕ್ಕೆ ಗೆರೆ ಹಾಕಿ, ವೈದ್ಯರಿಗೂ ವಿಷಯ ತಿಳಿಸಿದೆವು. ಬೆಳಗಿನ ಜಡತನ ಎರಡು ದಿನ ನೋಡಿ, ಅದೇ 3.5 ಮಿ.ಲೀ. ಮುಂದುವರಿಸಲು ಅವರು ಹೇಳಿದರು. ಬಾಟಲಿಯ ಮೇಲೆ ಉದ್ದಕ್ಕೆ ಕಾಗದದ ಪಟ್ಟಿ ಅಂಟಿಸಿ ಮೊದಲ ದಿನದ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದುಕೊಟ್ಟೆ. ನೀವೂ ಹೀಗೆ ಮಾಡಬಹುದು. ಖಾಲಿಯಾದ ಅದೇ ಮಾದರಿಯ ಬಾಟಲಿಗೆ ಸಿರಿಂಜಿನಿಂದ 42.5 ಮಿ.ಲೀ. ನೀರು ಹಾಕಿ, ಆ ಮಟ್ಟವನ್ನು ಹೊಸ ಬಾಟಲಿಯ ಪಟ್ಟಿಯ ಮೇಲೆ ಗುರುತಿಸಿ. ಐದು ರಾತ್ರಿಗಳಿಗೆ 17.5 ಮಿ.ಲೀ. ಖರ್ಚಾಗಬೇಕು, ಆರನೇ ದಿನ ಬೆಳಗ್ಗೆ ಔಷಧ ಆ ಗುರುತಿನ ಬಳಿ ನಿಂತಿರಬೇಕು. ಅದಕ್ಕಿಂತ ತೀರಾ ಕೆಳಗಿದ್ದರೆ ಯಾರೋ ಹೆಚ್ಚು ಕೊಡುತ್ತಿದ್ದಾರೆ, ಇಲ್ಲವೇ ಎರಡು ಸಲ ಕೊಡುತ್ತಿದ್ದಾರೆ. ಮೇಲಿದ್ದರೆ ಗುಳ್ಳೆಯೋ ಬಿಟ್ಟುಹೋದ ರಾತ್ರಿಯೋ ಇರುತ್ತದೆ. ಅವರ ಮನೆಯಲ್ಲಿ ಆರನೇ ದಿನ ಮಟ್ಟ ಗುರುತಿಗಿಂತ ಒಂದು ಕೂದಲೆಳೆ ಕೆಳಗಿತ್ತು. ಒಂದು ರಾತ್ರಿ ಮಗು ಕೈ ಬಡಿದು ಬಟ್ಟಲಿನಲ್ಲಿದ್ದದ್ದು ಚೆಲ್ಲಿತ್ತು ಎಂದು ಗೋಡೆಯ ಕಾಗದದಲ್ಲಿ ಬರೆದಿತ್ತು.